ಅಮೆರಿಕದ ಬ್ಯಾಂಕುಗಳಿಂದ ಎಷ್ಟು ಬರುತ್ತದೆ? ಇನ್ಫೋಸಿಸ್ ವರದಿಯ ಸೆಗ್ಮೆಂಟ್ ಪಟ್ಟಿ ಓದುವ ಬಗೆ

ಪ್ರಶ್ನೆ: ಸರ್, ನಮ್ಮದು ಬೆಂಗಳೂರಿನ ರಾಜಾಜಿನಗರ. ಅಪ್ಪ ಕೊಂಡಿದ್ದ ಇನ್ಫೋಸಿಸ್ ಷೇರುಗಳು ಈಗ ನನ್ನ ಹೆಸರಿಗೆ ಬಂದಿವೆ. 2023-24ರ ವಾರ್ಷಿಕ ವರದಿ ಓದುತ್ತಿದ್ದೇನೆ. ವರಮಾನದಲ್ಲಿ ಹಣಕಾಸು ಸೇವೆಯ ಪಾಲು ಶೇ 27, ಉತ್ತರ ಅಮೆರಿಕದ ಪಾಲು ಶೇ 60 ಅಂತ ಇದೆ. ಎರಡನ್ನೂ ಗುಣಿಸಿ, ಅಮೆರಿಕದ ಬ್ಯಾಂಕುಗಳಿಂದ ಬರುವುದು ಶೇ 16 ಅಂತ ಹೇಳಬಹುದಾ? ಭಾರತದ ವ್ಯವಹಾರ ಎಷ್ಟು ಅಂತ ತಿಳಿಯಲು ಸೆಗ್ಮೆಂಟ್ ಪಟ್ಟಿಯ ಕೊನೆಯ 'ಇತರ' ಕಾಲಮ್ ನೋಡಿದರೆ ಸಾಕಾ?

ಉತ್ತರ: ಗುಣಿಸಬೇಡಿ. 'ಇತರ' ಕಾಲಮ್ ಅನ್ನು ಭಾರತ ಅಂತಲೂ ಓದಬೇಡಿ. ಎರಡಕ್ಕೂ ಸರಿಯಾದ ಉತ್ತರ ಅದೇ ವರದಿಯಲ್ಲಿದೆ, ಆದರೆ ಬೇರೆ ಪುಟದಲ್ಲಿ.

ನೀವು ನೋಡಿದ ಎರಡು ಪಟ್ಟಿಗಳಲ್ಲಿರುವುದು ಒಂದೇ ಹಣ. 2023-24ರಲ್ಲಿ ಇನ್ಫೋಸಿಸ್‌ನ ಒಟ್ಟು ವರಮಾನ ₹1,53,670 ಕೋಟಿ. ಒಂದು ಪಟ್ಟಿ ಅದನ್ನು ಗ್ರಾಹಕರ ಉದ್ಯಮದ ಪ್ರಕಾರ ಎಂಟು ಪಾಲು ಮಾಡಿದೆ, ಈ ಪಾಲುಗಳೇ ಸೆಗ್ಮೆಂಟುಗಳು. ಇನ್ನೊಂದು ಅದನ್ನೇ ಪ್ರದೇಶದ ಪ್ರಕಾರ ನಾಲ್ಕು ಪಾಲು ಮಾಡಿದೆ. ಮದುವೆಗೆ ಬಂದವರಲ್ಲಿ ಶೇ 60 ಮಂದಿ ಗಂಡಿನ ಕಡೆಯವರು, ಶೇ 27 ಮಂದಿ ಮಕ್ಕಳು ಅಂತ ಯಾರಾದರೂ ಹೇಳಿದರು ಅಂದುಕೊಳ್ಳಿ. ಗಂಡಿನ ಕಡೆಯ ಮಕ್ಕಳು ಎಷ್ಟು ಅಂತ ಇದರಿಂದ ಹೇಳೋಕೆ ಆಗಲ್ಲ ಅಲ್ವಾ? ಮಕ್ಕಳೆಲ್ಲ ಹೆಣ್ಣಿನ ಕಡೆಯವರೇ ಆಗಿರಬಹುದು. ಗುಣಿಸಿದರೆ ಸರಿಹೋಗುವುದು ಎರಡೂ ಕಡೆ ಮಕ್ಕಳ ಪ್ರಮಾಣ ಒಂದೇ ಇದ್ದಾಗ ಮಾತ್ರ.

ಇಲ್ಲೂ ಹಾಗೆಯೇ. ಹಣಕಾಸು ಸೇವೆಯ ವರಮಾನ ₹42,158 ಕೋಟಿ, ಉತ್ತರ ಅಮೆರಿಕದ್ದು ₹92,411 ಕೋಟಿ. ಈ ಎರಡು ಮೊತ್ತ ಮಾತ್ರ ಗೊತ್ತಿದ್ದರೆ, ಎರಡೂ ಸೇರುವ ಜಾಗದ ಮೊತ್ತ ಲೆಕ್ಕದ ಪ್ರಕಾರ ಸೊನ್ನೆಯೂ ಆಗಿರಬಹುದು, ಪೂರ್ತಿ ₹42,158 ಕೋಟಿಯೂ ಆಗಿರಬಹುದು. ಅಂದರೆ ಸೊನ್ನೆಯಿಂದ ಶೇ 27ರವರೆಗೆ ಎಲ್ಲಿ ಬೇಕಾದರೂ. ನಿಮ್ಮ ಶೇ 16 ಆ ನಡುವಿನ ಒಂದು ಊಹೆ. ಕೆಲವು ಉದ್ಯಮಗಳಲ್ಲಿ ಇಂಥ ಊಹೆ ನಿಜಕ್ಕೆ ಹತ್ತಿರ ಬರಬಹುದು, ಇನ್ನು ಕೆಲವದರಲ್ಲಿ ಪೂರ್ತಿ ದಾರಿ ತಪ್ಪಿಸುತ್ತದೆ. ಉದಾಹರಣೆಗೆ ಹೈ-ಟೆಕ್ ಸೆಗ್ಮೆಂಟಿನ ಬಹುಪಾಲು ವರಮಾನ ಬರುವುದೇ ಉತ್ತರ ಅಮೆರಿಕದಿಂದ. ತಯಾರಿಕೆ ಸೆಗ್ಮೆಂಟಿನಲ್ಲಿ ಯುರೋಪಿನ ಪಾಲು ತುಂಬಾ ದೊಡ್ಡದು. 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಜರ್ಮನಿಯ ಕಾರು ತಯಾರಕ ಡೈಮ್ಲರ್ ಜೊತೆಗಿನ ಒಪ್ಪಂದ ನೆನಪಿಸಿಕೊಂಡರೆ ಇದು ಅರ್ಥವಾಗುತ್ತದೆ. ತಯಾರಿಕೆಯ ₹22,298 ಕೋಟಿಯನ್ನು ಯುರೋಪಿನ ಶೇ 27.5ರಿಂದ ಗುಣಿಸಿದರೆ ₹6,100 ಕೋಟಿ ಚಿಲ್ಲರೆ ಬರುತ್ತದೆ. ನಿಜವಾದ ಮೊತ್ತ ಅದಕ್ಕಿಂತ ತುಂಬಾ ಜಾಸ್ತಿ.

ಹಾಗಾದರೆ ನಿಜವಾದ ಮೊತ್ತ ಎಲ್ಲಿದೆ? ವರದಿಯ ಪಿಡಿಎಫ್ ತೆರೆದು, ಮೊದಲು ಕನ್ಸಾಲಿಡೇಟೆಡ್, ಅಂದರೆ ಅಂಗಸಂಸ್ಥೆಗಳನ್ನೂ ಸೇರಿಸಿದ, ಲೆಕ್ಕಪತ್ರಗಳ ಭಾಗಕ್ಕೆ ಹೋಗಿ. ಮೂಲ ಕಂಪನಿಯ ಲೆಕ್ಕ ಮಾತ್ರ ಇರುವ ಸ್ಟ್ಯಾಂಡ್‌ಅಲೋನ್ ಭಾಗದಲ್ಲಿ ಸೆಗ್ಮೆಂಟ್ ಮಾಹಿತಿ ಸಿಗುವುದಿಲ್ಲ. ಎರಡನ್ನೂ ಒಟ್ಟಿಗೆ ಪ್ರಕಟಿಸುವ ಕಂಪನಿ ಅದನ್ನು ಕನ್ಸಾಲಿಡೇಟೆಡ್‌ನಲ್ಲಿ ಕೊಟ್ಟರೆ ಸಾಕು ಅಂತ ನಿಯಮವೇ ಹೇಳುತ್ತದೆ. ಅಲ್ಲಿ `segment reporting` ಅಂತ ಹುಡುಕಿದರೆ ನೀವು ನೋಡಿದ ಎಂಟು ಕಾಲಮ್‌ಗಳ ಪಟ್ಟಿ ಬರುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ. `disaggregated` ಅಂತ ಇನ್ನೊಮ್ಮೆ ಹುಡುಕಿ. ವರಮಾನದ ಬಗೆಗಿನ ನೋಟ್‌ನಲ್ಲಿ ಇನ್ನೊಂದು ಪಟ್ಟಿ ಇದೆ. ಅದರಲ್ಲಿ ಅಡ್ಡಕ್ಕೆ ಪ್ರದೇಶಗಳು, ಉದ್ದಕ್ಕೆ ಸೆಗ್ಮೆಂಟುಗಳು. ಉತ್ತರ ಅಮೆರಿಕದ ಸಾಲು ಮತ್ತು ಹಣಕಾಸು ಸೇವೆಯ ಕಾಲಮ್ ಸೇರುವ ಚೌಕದಲ್ಲಿರುವುದೇ ನಿಮಗೆ ಬೇಕಾದ ಮೊತ್ತ. ಅದನ್ನು 1,53,670ರಿಂದ ಭಾಗಿಸಿ. ಯಾವ ಊಹೆಯೂ ಬೇಕಿಲ್ಲ. ಷೇರುದಾರರು ಇಡೀ ವರದಿಯಲ್ಲಿ ಒಂದೇ ಒಂದು ಪಟ್ಟಿ ನೋಡುವುದಾದರೆ ಇದನ್ನು ನೋಡಲಿ ಅಂತ ನಾನು ಯಾವಾಗಲೂ ಹೇಳುತ್ತೇನೆ.

ಆ ಚೌಕದ ಮೊತ್ತ ಸಿಕ್ಕಿದ ಮೇಲೂ ಅದಕ್ಕೆ 'ಅಮೆರಿಕದ ಬ್ಯಾಂಕುಗಳು' ಅಂತ ಹೆಸರಿಡುವ ಮುಂಚೆ ಪಟ್ಟಿಯ ಕೆಳಗಿನ ಸಣ್ಣ ಅಕ್ಷರ ಓದಿ. ಹಣಕಾಸು ಸೇವೆಯಲ್ಲಿ ವಿಮಾ ಕಂಪನಿಗಳೂ ಸೇರಿವೆ. ಉತ್ತರ ಅಮೆರಿಕದಲ್ಲಿ ಕೆನಡಾ ಕೂಡ ಇದೆ. ಹಾಗಾಗಿ ಆ ಮೊತ್ತ ನೀವು ಕೇಳಿದ್ದಕ್ಕಿಂತ ಸ್ವಲ್ಪ ಅಗಲವಾದದ್ದು. ಅದಕ್ಕಿಂತ ಕೆಳಗೆ ಇಳಿಯಲು ವರದಿ ಬಿಡುವುದಿಲ್ಲ.

ಇನ್ನು ಭಾರತದ ವಿಷಯ. ಇದು ನಿಜಕ್ಕೂ ಕುತೂಹಲದ ಜಾಗ.

'ಇತರ ಎಲ್ಲ ಸೆಗ್ಮೆಂಟುಗಳು' ಅನ್ನುವ ಕೊನೆಯ ಕಾಲಮ್‌ನಲ್ಲಿ ₹4,758 ಕೋಟಿ ಇದೆ. ಪ್ರದೇಶದ ಪಟ್ಟಿಯಲ್ಲಿ ಭಾರತದ ಮುಂದೆ ₹3,881 ಕೋಟಿ ಇದೆ. ಎರಡೂ ಹತ್ತಿರ ಹತ್ತಿರ ಇರುವುದರಿಂದ ಒಂದೇ ಇರಬೇಕು ಅಂತ ಅನಿಸುವುದು ಸಹಜ. ಆದರೆ ಆ ಕಾಲಮ್‌ನ ಅಡಿಟಿಪ್ಪಣಿ ಓದಿದರೆ, ಅದರಲ್ಲಿರುವುದು ಭಾರತ, ಜಪಾನ್, ಚೀನಾಗಳ ವ್ಯವಹಾರ ಮತ್ತು ಇನ್ಫೋಸಿಸ್ ಪಬ್ಲಿಕ್ ಸರ್ವೀಸಸ್ ಅನ್ನುವ ಅಂಗಸಂಸ್ಥೆ ಹಾಗೂ ಸಾರ್ವಜನಿಕ ಸೇವೆಯ ಇತರ ಸಂಸ್ಥೆಗಳು ಅಂತ ಗೊತ್ತಾಗುತ್ತದೆ. ಉದ್ಯಮದ ಪ್ರಕಾರ ಮಾಡಿದ ಪಟ್ಟಿಯೊಳಗೆ ಮೂರು ದೇಶಗಳು ಬಂದು ಕೂತಿವೆ ನೋಡಿ! ಇನ್ಫೋಸಿಸ್ ಪಬ್ಲಿಕ್ ಸರ್ವೀಸಸ್ ಕೆಲಸ ಮಾಡುವುದು ಉತ್ತರ ಅಮೆರಿಕದ ಸರ್ಕಾರಿ ವಲಯಕ್ಕೆ. ಆ ಹಣ ಪ್ರದೇಶದ ಪಟ್ಟಿಯಲ್ಲಿ ಉತ್ತರ ಅಮೆರಿಕಕ್ಕೆ ಹೋಗುತ್ತದೆ. ಜಪಾನ್, ಚೀನಾದ ಹಣ 'ಉಳಿದ ಜಗತ್ತು' ಅನ್ನುವ ಸಾಲಿಗೆ ಹೋಗುತ್ತದೆ. ಅಂದರೆ ಈ ಒಂದೇ ಕಾಲಮ್‌ನ ಹಣ ಹಲವು ಪ್ರದೇಶಗಳಲ್ಲಿ ಹಂಚಿಹೋಗಿದೆ.

ಇನ್ನೊಂದು ದಿಕ್ಕಿನಿಂದಲೂ ಲೆಕ್ಕ ಕೂಡುವುದಿಲ್ಲ. ನಮ್ಮ ಎಷ್ಟೋ ಬ್ಯಾಂಕುಗಳು ಬಳಸುವ ಫಿನಾಕಲ್ ತಂತ್ರಾಂಶ ಇನ್ಫೋಸಿಸ್‌ನದು. ಫಿನಾಕಲ್ ಒಂದು ಪ್ರತ್ಯೇಕ ವ್ಯವಹಾರ ಘಟಕವಾದರೂ, ಸ್ವಭಾವ ಒಂದೇ ರೀತಿ ಇದೆ ಅನ್ನುವ ಕಾರಣಕ್ಕೆ ಕಂಪನಿ ಅದನ್ನು ಹಣಕಾಸು ಸೇವೆಯ ಜೊತೆ ಸೇರಿಸಿ ತೋರಿಸುತ್ತದೆ. ಹಾಗಾಗಿ ಭಾರತದಿಂದ ಬಂದ ಹಣದ ಒಂದು ಭಾಗ 'ಇತರ' ಕಾಲಮ್‌ನಲ್ಲಿ ಇರುವುದೇ ಇಲ್ಲ. ಭಾರತದ್ದು ಎಷ್ಟು ಅಂತ ಬೇಕಾದರೆ ಪ್ರದೇಶದ ಪಟ್ಟಿಯ ₹3,881 ಕೋಟಿಯನ್ನೇ ತೆಗೆದುಕೊಳ್ಳಿ. ಅದು ಒಟ್ಟು ವರಮಾನದ ಶೇ 2.5.

ಈ ಶೇ 2.5 ನೋಡಿ ಬೆಂಗಳೂರಿನವರು ತಬ್ಬಿಬ್ಬಾಗುತ್ತಾರೆ. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಅಷ್ಟು ದೊಡ್ಡ ಕ್ಯಾಂಪಸ್ ಇದೆ, ಅಷ್ಟು ಜನ ಕೆಲಸ ಮಾಡುತ್ತಾರೆ, ಆದರೂ ಇಷ್ಟೇನಾ ಅಂತ. ಇಲ್ಲಿ ಪ್ರದೇಶ ಅಂದರೆ ಗ್ರಾಹಕ ಯಾವ ನೆಲೆಯವನು ಅಂತ. ಕೆಲಸ ಎಲ್ಲಿ ನಡೆಯಿತು ಅಂತ ಅಲ್ಲ. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಕೂತು ನ್ಯೂಯಾರ್ಕಿನ ಗ್ರಾಹಕನಿಗೆ ಮಾಡಿದ ಕೆಲಸ ಉತ್ತರ ಅಮೆರಿಕದ ಸಾಲಿಗೆ ಹೋಗುತ್ತದೆ. ಎಲ್ಲ ಕಂಪನಿಗಳೂ ಹೀಗೇ ಲೆಕ್ಕ ಹಾಕುತ್ತವೆ ಅಂತ ತಿಳಿಯಬೇಡಿ. ಸರಕು ಮಾರುವ ಕಂಪನಿ ಸರಕು ತಲುಪಿದ ಜಾಗವನ್ನು ಹಿಡಿಯಬಹುದು. ಯಾವುದನ್ನು ಆಧಾರ ಮಾಡಿಕೊಂಡಿದ್ದಾರೆ ಅನ್ನುವುದು ಪಟ್ಟಿಯ ಪಕ್ಕದಲ್ಲೋ ಕೆಳಗೋ ಒಂದು ಸಾಲಿನಲ್ಲಿ ಇರುತ್ತದೆ. ಆ ಸಾಲು ಓದದೆ ಎರಡು ಕಂಪನಿಗಳ ಪ್ರದೇಶ ಪಟ್ಟಿ ಹೋಲಿಸಬಾರದು.

ಇಷ್ಟು ವಿಚಿತ್ರವಾಗಿ ಯಾಕೆ ಪಾಲು ಮಾಡುತ್ತಾರೆ ಅಂತ ನೀವು ಕೇಳಬಹುದು. ಭಾರತದಲ್ಲಿ ಇದಕ್ಕಿರುವ ನಿಯಮ ಇಂಡ್ ಎಎಸ್ 108. ಅದರ ತಿರುಳು ಸರಳ: ಕಂಪನಿಯ ಸಂಪನ್ಮೂಲ ಎಲ್ಲಿ ಹಾಕಬೇಕು ಅಂತ ತೀರ್ಮಾನಿಸುವ ಮೇಲಿನ ಅಧಿಕಾರಿ ವ್ಯವಹಾರವನ್ನು ಹೇಗೆ ಭಾಗ ಮಾಡಿ ನೋಡುತ್ತಾರೋ, ಷೇರುದಾರರಿಗೂ ಹಾಗೇ ತೋರಿಸಬೇಕು. ಇನ್ಫೋಸಿಸ್‌ನಲ್ಲಿ ಆ ಅಧಿಕಾರಿ ಸಿಇಒ. ಭಾರತದ ವ್ಯವಹಾರವನ್ನು ಅವರು ಒಂದು ಘಟಕವಾಗಿ ನೋಡಿದರೆ ಪಟ್ಟಿಯಲ್ಲೂ ಅದು ಘಟಕವಾಗಿಯೇ ಬರುತ್ತದೆ. ಒಂದು ಘಟಕದ ವರಮಾನ, ಲಾಭ, ಆಸ್ತಿ ಈ ಮೂರರಲ್ಲಿ ಯಾವುದಾದರೂ ಒಂದು ಎಲ್ಲ ಘಟಕಗಳ ಒಟ್ಟಿನ ಶೇ 10 ಮುಟ್ಟಿದರೆ ಅದನ್ನು ಬೇರೆಯಾಗಿ ತೋರಿಸಲೇಬೇಕು. ಬೇರೆಯಾಗಿ ತೋರಿಸಿದವೆಲ್ಲ ಸೇರಿ ಹೊರಗಿನ ಗ್ರಾಹಕರಿಂದ ಬಂದ ವರಮಾನದ ಕನಿಷ್ಠ ಶೇ 75 ಆಗಬೇಕು. ಉಳಿದ ಸಣ್ಣವನ್ನು ಒಟ್ಟು ಮಾಡಿ 'ಇತರ' ಅಂತ ಇಡಬಹುದು. ನಿಮ್ಮ 'ಇತರ' ಕಾಲಮ್ ಹುಟ್ಟುವುದು ಹೀಗೆ. ಪ್ರದೇಶದ ಪ್ರಕಾರದ ವರಮಾನ ಇದರ ಮೇಲೆ ಸೇರಿಸಿ ಕೊಡಬೇಕಾದ ಮಾಹಿತಿ. ಅದಕ್ಕೆ ಲಾಭದ ಅಂಕಿ ಕೊಡಬೇಕು ಅಂತ ಇಲ್ಲ. 'ಯುರೋಪಿನಲ್ಲಿ ಎಷ್ಟು ಲಾಭ' ಅಂತ ಇನ್ಫೋಸಿಸ್ ವರದಿಯಲ್ಲಿ ಹುಡುಕಿದರೆ ಸಿಗದೇ ಇರುವುದು ಅದಕ್ಕೇ.

ಇದೇ ಊರಿನ, ಸರ್ಜಾಪುರ ರಸ್ತೆಯ ವಿಪ್ರೊ ವರದಿ ತೆಗೆದರೆ ಪಾಲು ಮಾಡುವ ಬಗೆಯೇ ಬೇರೆ. 2021ರಲ್ಲಿ ಮಾಡಿದ ಪುನರ್ರಚನೆಯ ನಂತರ ಅವರ ಐಟಿ ಸೇವೆಯ ಸೆಗ್ಮೆಂಟುಗಳು ಪ್ರದೇಶದ ಮೇಲೆ ನಿಂತಿವೆ: ಅಮೆರಿಕಾಸ್ 1, ಅಮೆರಿಕಾಸ್ 2, ಯುರೋಪ್, ಕೊನೆಗೆ ಏಷ್ಯಾ ಪೆಸಿಫಿಕ್-ಮಧ್ಯಪ್ರಾಚ್ಯ-ಆಫ್ರಿಕಾ ಮೂರೂ ಸೇರಿದ ಒಂದು ಘಟಕ. ಅಮೆರಿಕದ ಎರಡು ಘಟಕಗಳನ್ನು ಬೇರೆ ಮಾಡಿರುವುದು ಬರೀ ಭೂಪಟ ನೋಡಿ ಅಲ್ಲ. ಅಲ್ಲಿನ ಗ್ರಾಹಕರನ್ನು ಮುಖ್ಯವಾಗಿ ಉದ್ಯಮದ ಪ್ರಕಾರ ಎರಡಕ್ಕೂ ಹಂಚಿದ್ದಾರೆ. ಇನ್ಫೋಸಿಸ್‌ನ ಹಣಕಾಸು ಸೇವೆಯ ಲಾಭದ ಪ್ರಮಾಣವನ್ನು ವಿಪ್ರೊದ ಯಾವ ಸೆಗ್ಮೆಂಟಿನ ಜೊತೆ ಹೋಲಿಸಬೇಕು ಅಂತ ಕೇಳಿದರೆ, ಹೋಲಿಸಲು ಜೋಡಿಯೇ ಇಲ್ಲ ಅನ್ನಬೇಕಾಗುತ್ತದೆ.

ಈಗ ನಿಮ್ಮ ಪ್ರಶ್ನೆಯ ಹಿಂದಿರುವ ಆತಂಕಕ್ಕೆ ಬರೋಣ. ಅಮೆರಿಕದ ವ್ಯವಹಾರ ಬೆಳೆಯುತ್ತಿದೆಯಾ, ಕುಗ್ಗುತ್ತಿದೆಯಾ ಅಂತ ತಿಳಿಯಲು ಈ ಪಟ್ಟಿಗಳನ್ನು ಎರಡು ವರ್ಷಕ್ಕೆ ಪಕ್ಕಪಕ್ಕ ಇಡಬೇಕು. 2022-23ರಲ್ಲಿ ಉತ್ತರ ಅಮೆರಿಕದ ವರಮಾನ ₹90,724 ಕೋಟಿ. ಮರುವರ್ಷ ₹92,411 ಕೋಟಿ. ಸುಮಾರು ಶೇ 1.9 ಏರಿದೆ. ಒಳ್ಳೆಯದೇ ಅಲ್ವಾ ಅಂತ ಅನಿಸುತ್ತದೆ. ಆದರೆ ಇದು ರೂಪಾಯಿ ಲೆಕ್ಕ, ಅಲ್ಲಿನ ಗ್ರಾಹಕರು ಹೆಚ್ಚಾಗಿ ಕೊಡುವುದು ಡಾಲರ್.

ಕಂಪನಿ ತನ್ನ ಒಟ್ಟು ವರಮಾನವನ್ನು ಡಾಲರಿನಲ್ಲೂ ಹೇಳುತ್ತದೆ. 2022-23ರಲ್ಲಿ ಅದು 1,821 ಕೋಟಿ ಡಾಲರ್, 2023-24ರಲ್ಲಿ 1,856 ಕೋಟಿ ಡಾಲರ್. ಆಯಾ ವರ್ಷದ ರೂಪಾಯಿ ಮೊತ್ತವನ್ನು ಇದರಿಂದ ಭಾಗಿಸಿದರೆ ವರ್ಷದ ಸರಾಸರಿ ದರ ಸಿಗುತ್ತದೆ: ಮೊದಲ ವರ್ಷ ಸುಮಾರು ₹80.6, ಎರಡನೇ ವರ್ಷ ಸುಮಾರು ₹82.8. ಈಗ ಉತ್ತರ ಅಮೆರಿಕದ ಎರಡು ಮೊತ್ತಗಳನ್ನು ಆಯಾ ದರದಿಂದ ಭಾಗಿಸಿ. ಸುಮಾರು 1,126 ಕೋಟಿ ಡಾಲರ್ ಇದ್ದದ್ದು 1,116 ಕೋಟಿಗೆ ಇಳಿದಿದೆ. ರೂಪಾಯಿಯಲ್ಲಿ ಬೆಳವಣಿಗೆ ಅಂತ ಕಂಡದ್ದು ರೂಪಾಯಿ ಬೆಲೆ ಇಳಿದ ಫಲ. ಡಾಲರಿನಲ್ಲಿ ನೋಡಿದರೆ ಅಮೆರಿಕದ ವ್ಯವಹಾರ ಆ ವರ್ಷ ಸ್ವಲ್ಪ ಕುಗ್ಗಿದೆ.

ಯುರೋಪ್ ಅದೇ ವರ್ಷ ₹37,675 ಕೋಟಿಯಿಂದ ₹42,267 ಕೋಟಿಗೆ ಏರಿತು. ಅಂದರೆ ಶೇ 12ಕ್ಕೂ ಜಾಸ್ತಿ. ಅಲ್ಲಿ ಯೂರೊ, ಪೌಂಡ್ ಎಲ್ಲ ಬೆರೆತಿರುವುದರಿಂದ ಒಂದೇ ದರದಿಂದ ಭಾಗಿಸುವ ಈ ಲೆಕ್ಕ ಕೆಲಸ ಮಾಡಲ್ಲ. ಅದಕ್ಕೆ ಪ್ರತಿ ತ್ರೈಮಾಸಿಕ ಫಲಿತಾಂಶದ ಜೊತೆ ಕಂಪನಿ ಹೊರಡಿಸುವ ಫ್ಯಾಕ್ಟ್ ಶೀಟ್ ನೋಡಿ. ವಿನಿಮಯ ದರದ ಏರಿಳಿತ ತೆಗೆದುಹಾಕಿದ ಬೆಳವಣಿಗೆಯನ್ನು ಪ್ರತಿ ಪ್ರದೇಶಕ್ಕೂ ಪ್ರತಿ ಉದ್ಯಮಕ್ಕೂ ಅದರಲ್ಲಿ ಕೊಟ್ಟಿರುತ್ತಾರೆ. `CC` ಅಂತ ಬರೆದ ಕಾಲಮ್ ಅದೇ.

ಉದ್ಯಮದ ಕಡೆ ನೋಡಿದರೆ ಹಣಕಾಸು ಸೇವೆ ರೂಪಾಯಿಯಲ್ಲೇ ಇಳಿದಿದೆ, ₹43,763 ಕೋಟಿಯಿಂದ ₹42,158 ಕೋಟಿಗೆ. ತಯಾರಿಕೆ ₹19,035 ಕೋಟಿಯಿಂದ ₹22,298 ಕೋಟಿಗೆ ಏರಿದೆ. ಯುರೋಪೂ ಏರಿದೆ, ತಯಾರಿಕೆಯೂ ಏರಿದೆ, ಆದ್ದರಿಂದ ಯುರೋಪಿನ ಕಾರ್ಖಾನೆಗಳೇ ಕಾರಣ ಅಂತ ಹೇಳಿಬಿಡುವ ಆಸೆ ಆಗುತ್ತದೆ. ಇದು ಮೊದಲಿನ ಗುಣಾಕಾರದ ತಪ್ಪೇ, ಇನ್ನೊಂದು ವೇಷದಲ್ಲಿ. ಅಡ್ಡ-ಉದ್ದದ ಆ ಪಟ್ಟಿಯಲ್ಲಿ ಹಿಂದಿನ ವರ್ಷದ ಅಂಕಿಯೂ ಜೊತೆಗೇ ಇರುತ್ತದೆ. ತಯಾರಿಕೆ-ಯುರೋಪ್ ಚೌಕದ ಎರಡು ವರ್ಷದ ಮೊತ್ತ ಕಳೆದು ನೋಡಿ. ಏರಿಕೆ ಆ ಚೌಕದಲ್ಲಿದ್ದರೆ ಮಾತ್ರ ಆ ಮಾತು ಆಡಿ. ಹಣಕಾಸು ಸೇವೆಯ ಇಳಿಕೆ ಯಾವ ಪ್ರದೇಶದ್ದು ಅಂತಲೂ ಹೀಗೇ ಪತ್ತೆ ಮಾಡಬಹುದು. ನಿಮಗೆ ನಿಜವಾಗಿ ಬೇಕಾಗಿರುವುದು ಈ ಕಳೆಯುವ ಲೆಕ್ಕ.

ವರಮಾನದ ಪಾಲು ಗೊತ್ತಾದ ಮೇಲೆ ಲಾಭದ ಸಾಲಿಗೂ ಒಮ್ಮೆ ಇಳಿಯಿರಿ, ಆದರೆ ಎಚ್ಚರದಿಂದ. ಹಣಕಾಸು ಸೇವೆಯ ಸೆಗ್ಮೆಂಟ್ ಲಾಭ ₹10,843 ಕೋಟಿಯಿಂದ ₹9,324 ಕೋಟಿಗೆ ಇಳಿದಿದೆ. ವರಮಾನ ಶೇ 4ರಷ್ಟು ಕಡಿಮೆಯಾದರೆ ಲಾಭ ಶೇ 14 ಕುಸಿದಿದೆ. ವರಮಾನದಲ್ಲಿ ಲಾಭದ ಪ್ರಮಾಣ ಶೇ 24.8ರಿಂದ ಶೇ 22.1ಕ್ಕೆ ಬಂದಿದೆ. ನಿಮ್ಮ ಆತಂಕಕ್ಕೆ ಸುಳಿವು ಸಿಗುವುದು ವರಮಾನದ ಪಾಲಿಗಿಂತ ಈ ಸಾಲಿನಲ್ಲಿ.

ಎಚ್ಚರ ಯಾಕೆ ಅಂದರೆ, ಈ ಶೇ 22.1ನ್ನು ಕಂಪನಿಯ ಒಟ್ಟು ಆಪರೇಟಿಂಗ್ ಮಾರ್ಜಿನ್ ಶೇ 20.7ರ ಪಕ್ಕ ಇಟ್ಟು 'ಸರಾಸರಿಗಿಂತ ಚೆನ್ನಾಗಿದೆ' ಅನ್ನುವ ಹಾಗಿಲ್ಲ. ಎಂಟೂ ಸೆಗ್ಮೆಂಟುಗಳ ಲಾಭ ಕೂಡಿದರೆ ₹36,425 ಕೋಟಿ. ಕಂಪನಿಯ ಆಪರೇಟಿಂಗ್ ಲಾಭ ₹31,747 ಕೋಟಿ. ನಡುವಿನ ₹4,678 ಕೋಟಿ ಸವಕಳಿ ವೆಚ್ಚ. ಕಟ್ಟಡ, ಕಂಪ್ಯೂಟರ್‌ಗಳನ್ನು ಎಲ್ಲ ಸೆಗ್ಮೆಂಟುಗಳೂ ಅದಲುಬದಲು ಬಳಸುವುದರಿಂದ ಆ ವೆಚ್ಚವನ್ನು ಯಾರ ತಲೆಗೂ ಕಟ್ಟಿಲ್ಲ, ಒಟ್ಟು ಮೊತ್ತದಿಂದ ಮಾತ್ರ ಕಳೆದಿದ್ದಾರೆ. ಹಾಗಾಗಿ ಸೆಗ್ಮೆಂಟುಗಳ ಲಾಭದ ಪ್ರಮಾಣದ ಸರಿಯಾದ ಸರಾಸರಿ ಶೇ 23.7. ಅದರ ಪಕ್ಕ ಇಟ್ಟರೆ ಹಣಕಾಸು ಸೇವೆ ಸರಾಸರಿಗಿಂತ ಕೆಳಗಿದೆ. ಹಿಂದಿನ ವರ್ಷ ಮೇಲಿತ್ತು.

ಸೆಗ್ಮೆಂಟ್ ಲಾಭದೊಳಗೂ ಎರಡು ಥರದ ವೆಚ್ಚ ಇದೆ. ಹಣಕಾಸು ಸೇವೆಗೆಂದೇ ಗುರುತಿಸಿದ ವೆಚ್ಚ ₹24,782 ಕೋಟಿ, ಎಲ್ಲರಿಗೂ ಸೇರಿದ ವೆಚ್ಚದಲ್ಲಿ ಅದರ ಪಾಲು ಅಂತ ಹಂಚಿದ್ದು ₹8,052 ಕೋಟಿ. ಮೊದಲನೆಯದು ಹೆಚ್ಚುಕಡಿಮೆ ಗಟ್ಟಿ ಅಂಕಿ. ಎರಡನೆಯದು ಆಡಳಿತದವರು ಆರಿಸಿಕೊಂಡ ಹಂಚಿಕೆ ಸೂತ್ರದಿಂದ ಬಂದದ್ದು. ಲಾಭದ ಪ್ರಮಾಣ ಒಂದು ವರ್ಷದಿಂದ ಇನ್ನೊಂದಕ್ಕೆ ತುಂಬಾ ಬದಲಾದರೆ, ಬದಲಾದದ್ದು ಇವೆರಡರಲ್ಲಿ ಯಾವುದು ಅಂತ ನೋಡಿ. ಇಲ್ಲಿ ಹಂಚಿದ ವೆಚ್ಚ ₹7,930 ಕೋಟಿಯಿಂದ ಸ್ವಲ್ಪವೇ ಏರಿದೆ, ಗುರುತಿಸಿದ ವೆಚ್ಚ ₹24,990 ಕೋಟಿಯಿಂದ ಸ್ವಲ್ಪವೇ ಇಳಿದಿದೆ. ಎರಡೂ ಹೆಚ್ಚುಕಡಿಮೆ ಇದ್ದಲ್ಲೇ ಇವೆ. ಆದ್ದರಿಂದ ಈ ಕುಸಿತ ಹಂಚಿಕೆಯ ಕೈಚಳಕ ಅಲ್ಲ. ಬರುವ ಹಣ ಕಡಿಮೆಯಾಯಿತು, ಖರ್ಚು ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ.

ಮುಂದಿನ ವರ್ಷಗಳ ವರದಿಗೂ ಇದೇ ಲೆಕ್ಕ ಮಾಡುವಾಗ ಒಂದು ವಿಷಯ ಗಮನದಲ್ಲಿರಲಿ. ಕಂಪನಿಯ ಒಳರಚನೆ ಬದಲಾದರೆ ಸೆಗ್ಮೆಂಟುಗಳೂ ಬದಲಾಗುತ್ತವೆ. ಆಗ ಹಿಂದಿನ ವರ್ಷದ ಅಂಕಿಗಳನ್ನೂ ಹೊಸ ವಿಂಗಡಣೆಗೆ ತಕ್ಕ ಹಾಗೆ ತಿರುಗಿ ಬರೆದು ಕೊಡಬೇಕು ಅಂತ ನಿಯಮ ಇದೆ. ಆದ್ದರಿಂದ ಹಿಂದಿನ ವರ್ಷದ ಮೊತ್ತವನ್ನು ನಿಮ್ಮ ಹಳೆಯ ವರದಿಯಿಂದ ತೆಗೆಯಬೇಡಿ, ಹೊಸ ವರದಿಯ ಪಕ್ಕದ ಕಾಲಮ್‌ನಿಂದಲೇ ತೆಗೆದುಕೊಳ್ಳಿ. ಹಳೆಯ ವರದಿಯಲ್ಲಿ ಒಂದು ಅಂಕಿ, ಹೊಸದರಲ್ಲಿ ಅದೇ ವರ್ಷಕ್ಕೆ ಇನ್ನೊಂದು ಅಂಕಿ ಕಂಡರೆ, ಗ್ರಾಹಕರನ್ನು ಒಂದು ಕಾಲಮ್‌ನಿಂದ ಇನ್ನೊಂದಕ್ಕೆ ಸರಿಸಿದ್ದಾರೆ ಅಂತ ಅರ್ಥ. ಎಷ್ಟು ಸರಿಸಿದ್ದಾರೆ ಅಂತ ಆ ವ್ಯತ್ಯಾಸವೇ ಹೇಳುತ್ತದೆ.